ದೊಡ್ಡ ಅನ್‌ಲಾಕ್‌ಗೆ ಐದು ವಾರ ಇದೆ: ಈಗಲೇ ಕೊಳ್ಳಲಾ, ಆ ದಿನ ಕಳೆಯಲಿ ಅಂತ ಕಾಯಲಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಒಂದು ಟೋಕನ್ ಮೇಲೆ ಮೂರು ತಿಂಗಳಿಂದ ಕಣ್ಣಿಟ್ಟಿದ್ದೇನೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಕಾಯಿನ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಕಡೆ ಹೋಗಿಬಿಡುತ್ತದೆ.

ಇನ್ನು ಐದು ವಾರಕ್ಕೆ ಅದರ ಮೊದಲ ವರ್ಷದ ಕ್ಲಿಫ್ ಇದೆ, ಅಂದರೆ ಟೀಮ್‌ಗೂ ಫಂಡ್‌ಗಳಿಗೂ ಮೀಸಲಿಟ್ಟು ಲಾಕ್ ಮಾಡಿದ್ದ ಟೋಕನ್‌ನ ಮೊದಲ ಕಂತು ಬಿಡುಗಡೆ ಆಗುವ ದಿನ. ಈಗ ಮಾರುಕಟ್ಟೆಯಲ್ಲಿ ಓಡಾಡುತ್ತಿರುವುದು 20 ಕೋಟಿ ಟೋಕನ್. ಆ ಒಂದೇ ದಿನ 9 ಕೋಟಿ ಬಿಡುಗಡೆ ಆಗುತ್ತದೆ. ಬೆಲೆ ಈಗ 80 ಸೆಂಟ್. ಕಳೆದ ತಿಂಗಳಲ್ಲೇ ಕಾಲು ಭಾಗದಷ್ಟು ಇಳಿದಿದೆ. ನನ್ನ ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆ, ಒಂದೆರಡು ವರ್ಷ ಮುಟ್ಟದೆ ಇಡುವ ಲೆಕ್ಕ.

ಅನ್‌ಲಾಕ್ ಭಯ ಆಗಲೇ ಬೆಲೆಯಲ್ಲಿ ಸೇರಿಹೋಗಿದೆಯಾ? ಅಥವಾ ಆ ದಿನ ಇನ್ನೊಂದು ಸಲ ಬೀಳುತ್ತದಾ? ಮೊದಲು ಇಂಥದ್ದನ್ನು ಕಂಡವರು ಹೇಳಿ.

ಬಸವ_ಬುಲ್
ಸಿಂಪಲ್ ಗುರುಗಳೇ. ಕ್ಲಿಫ್ ದಿನ ಎಲ್ಲರೂ ಮಾರುತ್ತಾರೆ. ಅವತ್ತು ರಾತ್ರಿ ಎತ್ತಿಕೊಳ್ಳಿ. ಮಾರುವವರು ಮುಗಿದ ಮೇಲೆ ಬೆಲೆ ಮೇಲೆ ಹೋಗಲೇಬೇಕು.

ಕೆರೆಕೋಡಿ
ನನ್ನದೂ ಇದೇ ಸಮಸ್ಯೆ. ಒಂದು ಎಕ್ಸ್‌ಚೇಂಜ್‌ನಲ್ಲಿ 90 ದಿನದ ಸ್ಟೇಕಿಂಗ್ ಹಾಕಿದ್ದೆ, ಇನ್ನೂ 12 ದಿನ ಲಾಕ್ ಇದೆ. ಮಧ್ಯದಲ್ಲಿ ತೆಗೆದರೆ ಬಡ್ಡಿ ಹೋಗುತ್ತದೆ ಅಂತಾರೆ. ಅನ್‌ಲಾಕ್ ಆದ ತಕ್ಷಣ ಮಾರಿಬಿಡಲಾ?

ತುಂಗಾತೀರ
ಕೆರೆಕೋಡಿ ಅಣ್ಣ, ಅದು ನಿಮ್ಮ ಸ್ವಂತ ಟೋಕನ್‌ನ ಲಾಕ್. ನಾನು ಕೇಳುತ್ತಿರುವುದು ಪ್ರಾಜೆಕ್ಟ್ ಶುರು ಮಾಡಿದವರಿಗೂ ಅದಕ್ಕೆ ದುಡ್ಡು ಹಾಕಿದ ಫಂಡ್‌ಗಳಿಗೂ ಸಿಗುವ ಪಾಲಿನ ಬಗ್ಗೆ.

ಸಹನಾ_ಆನ್‌ಚೈನ್
ಬಸವ ಅವರೇ, "ಅವತ್ತು ರಾತ್ರಿ ಎತ್ತಿಕೊಳ್ಳಿ" ಅನ್ನುವ ಮಾತನ್ನು ಆರ್ಬಿಟ್ರಮ್ ನೆಟ್‌ವರ್ಕ್‌ನ ಟೋಕನ್ ARB ಜೊತೆ ಇಟ್ಟು ನೋಡಿ. 2024ರ ಮಾರ್ಚ್ 16ರಂದು ಸುಮಾರು 111 ಕೋಟಿ ARB ಒಂದೇ ಸಲ ಬಿಡುಗಡೆ ಆಯಿತು. ಅಲ್ಲಿಯವರೆಗೆ ಜನರ ಕೈಗೆ ಬಂದಿದ್ದು ಉಚಿತವಾಗಿ ಹಂಚಿದ ಏರ್‌ಡ್ರಾಪ್‌ನ 127.5 ಕೋಟಿ. ಅಂದರೆ ಓಡಾಡುತ್ತಿದ್ದ ಟೋಕನ್‌ನ 87% ಒಂದು ದಿನದಲ್ಲಿ ಸೇರಿತು. ಅದೇ ಜನವರಿಯಲ್ಲಿ ಬೆಲೆ 2.4 ಡಾಲರ್ ಹತ್ತಿರ ಹೋಗಿತ್ತು. ಕ್ಲಿಫ್ ಹೊತ್ತಿಗೆ 2 ಡಾಲರ್‌ಗಿಂತ ಸ್ವಲ್ಪ ಕೆಳಗೆ ಇತ್ತು. ಏಪ್ರಿಲ್ ಮಧ್ಯದಲ್ಲಿ 1.2 ಡಾಲರ್ ಆಸುಪಾಸು. ಆಗಸ್ಟ್‌ನಲ್ಲಿ 60 ಸೆಂಟ್‌ಗಿಂತ ಕೆಳಗೆ. ಅವತ್ತು ರಾತ್ರಿ ಎತ್ತಿಕೊಂಡವರು ಐದು ತಿಂಗಳಲ್ಲಿ ಮೂರನೇ ಎರಡು ಭಾಗ ಕಳೆದುಕೊಂಡರು.

ಯಾಕೆ ಅಂದರೆ ಮಾರುವವರು ಅವತ್ತು ಮುಗಿಯಲಿಲ್ಲ. ಟೀಮ್ ಮತ್ತು ಫಂಡ್‌ಗಳ ಪಾಲಿನಲ್ಲಿ ಕಾಲು ಭಾಗ ಮಾತ್ರ ಅವತ್ತು ಬಂತು. ಉಳಿದ ಮುಕ್ಕಾಲು ಭಾಗ ಪ್ರತಿ ತಿಂಗಳು 16ಕ್ಕೆ 9.26 ಕೋಟಿಯಂತೆ 36 ತಿಂಗಳು ಬರುವುದಿತ್ತು. ಕ್ಲಿಫ್ ಸುದ್ದಿ ಎಲ್ಲರ ಬಾಯಲ್ಲಿತ್ತು. ಆಮೇಲೆ ನಲ್ಲಿ ನೀರಿನಂತೆ ತಿಂಗಳು ತಿಂಗಳು ಸುರಿಯುವ ಟೋಕನ್ ಕಡೆ ಯಾರೂ ನೋಡಲಿಲ್ಲ.

ಬಸವ_ಬುಲ್
ಮೇಡಂ, ಆಗ ಬಿಟ್‌ಕಾಯಿನ್ ಸಹ ಬಿತ್ತಲ್ವಾ? ಮಾರ್ಚ್ 14ಕ್ಕೆ 73 ಸಾವಿರ ದಾಟಿತ್ತು, ವಾರದೊಳಗೆ 61 ಸಾವಿರ. ಅನ್‌ಲಾಕ್ ಮೇಲೆ ಯಾಕೆ ಹಾಕುತ್ತೀರಿ?

ಸಹನಾ_ಆನ್‌ಚೈನ್
ಒಳ್ಳೆಯ ಪ್ರಶ್ನೆ. ಅದಕ್ಕೇ ಡಾಲರ್ ಚಾರ್ಟ್ ನೋಡಬೇಡಿ, ಈಥರ್ ಜೊತೆಗಿನ ಚಾರ್ಟ್, ಅಂದರೆ ಈಥರ್‌ಗೆ ಹೋಲಿಸಿದ ಬೆಲೆ ನೋಡಿ. ಮಾರ್ಚ್ ಮಧ್ಯದಿಂದ ಆಗಸ್ಟ್ ಮಧ್ಯಕ್ಕೆ ಈಥರ್ ಸುಮಾರು 3,600ರಿಂದ 2,600ಕ್ಕೆ ಬಂತು, ಅಂದರೆ 30% ಒಳಗೆ. ಆರ್ಬಿಟ್ರಮ್ 70% ಹತ್ತಿರ ಹೋಯಿತು. ಆ ವ್ಯತ್ಯಾಸ ಪೂರ್ತಿ ಅನ್‌ಲಾಕ್‌ನದ್ದೇ ಅಂತ ನಾನು ಹೇಳುವುದಿಲ್ಲ. ಆರ್ಬಿಟ್ರಮ್ ಥರದ ಬೇರೆ ಲೇಯರ್ 2 ಟೋಕನ್‌ಗಳು ಬಂದವು, ಆಸಕ್ತಿ ಹಂಚಿಹೋಯಿತು. ಆದರೆ ಬರೀ ಮಾರುಕಟ್ಟೆ ಬಿದ್ದಿದ್ದರಿಂದ ಅನ್ನುವುದೂ ಆಗುವುದಿಲ್ಲ.

ಬ್ಯಾಡಗಿ_ಕೆಂಪು
ನಮ್ಮ ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಕೋಲ್ಡ್ ಸ್ಟೋರೇಜ್‌ನಲ್ಲಿ ಎಷ್ಟು ಚೀಲ ಇದೆ ಅಂತ ಮಾರ್ಕೆಟ್‌ನಲ್ಲಿ ಎಲ್ಲರಿಗೂ ಅಂದಾಜು ಇರುತ್ತದೆ. ಹೊಸ ಕಾಯಿ ಬರುವ ಮುಂಚೆಯೇ ಖರೀದಿದಾರರು ಕೈ ಹಿಂದೆ ಎಳೆಯುತ್ತಾರೆ. ರೇಟು ಬೀಳುವುದು ಆವಕ ಬಂದ ದಿನ ಅಲ್ಲ, ಬರುತ್ತದೆ ಅಂತ ಗೊತ್ತಾದ ದಿನ. ಇಲ್ಲೂ ಹಾಗೇ ಅನಿಸುತ್ತದೆ.

ಸಹನಾ_ಆನ್‌ಚೈನ್
ಹೋಲಿಕೆ ಚೆನ್ನಾಗಿದೆ. ಒಂದು ಕಡೆ ಮಾತ್ರ ಕೂಡುವುದಿಲ್ಲ. ನಿಮ್ಮ ರೈತನಿಗೆ ಬೆಳೆದ ಖರ್ಚು ಇದೆ, ಅದಕ್ಕಿಂತ ಕೆಳಗೆ ಕೊಡಲು ಮನಸ್ಸು ಬರುವುದಿಲ್ಲ, ಚೀಲ ಒಳಗೆ ಇಡುತ್ತಾನೆ. ಶುರುವಿನ ಸೀಡ್ ಸುತ್ತಿನಲ್ಲಿ ಕೆಲವು ಸೆಂಟ್‌ಗೆ ಕೊಂಡ ಫಂಡ್‌ಗೆ 80 ಸೆಂಟ್ ಆದರೂ ಲಾಭ, 40 ಸೆಂಟ್ ಆದರೂ ಲಾಭ. ತಡೆದು ನಿಲ್ಲಿಸುವ ಬೆಲೆ ಅವರಿಗೆ ಇಲ್ಲ.

ಚಾರ್ಟ್_ಚಂದ್ರು
ಕೀರಾಕ್ ಅನ್ನುವ ಟ್ರೇಡಿಂಗ್ ಸಂಸ್ಥೆ 2024ರ ಕೊನೆಯಲ್ಲಿ 16,000ಕ್ಕೂ ಹೆಚ್ಚು ಅನ್‌ಲಾಕ್ ತೆಗೆದುಕೊಂಡು ಲೆಕ್ಕ ಹಾಕಿತ್ತು. 90% ಸಲ ಬೆಲೆ ಮೇಲೆ ಇಳಿಕೆಯ ಒತ್ತಡ. ಇಳಿಕೆ ಶುರುವಾಗುವುದು ಸುಮಾರು 30 ದಿನ ಮುಂಚೆ, ಸುಧಾರಿಸುವುದು ಎರಡು ವಾರ ಆದ ಮೇಲೆ. ಟೀಮ್ ಪಾಲು ಬಿಡುಗಡೆಯಾದಾಗ ಹೊಡೆತ ಎಲ್ಲಕ್ಕಿಂತ ಜಾಸ್ತಿ. ಅಂದ ಮೇಲೆ ತುಂಗಾತೀರ ಕಣ್ಣು ಮುಚ್ಚಿ ಶಾರ್ಟ್ ಮಾಡಬಹುದು, ಅಂದರೆ ಈಗಿನ ಬೆಲೆಗೆ ಮಾರಿಟ್ಟು ಇಳಿದ ಮೇಲೆ ಅಗ್ಗಕ್ಕೆ ವಾಪಸ್ ಕೊಳ್ಳಬಹುದು. ಹತ್ತಕ್ಕೆ ಒಂಬತ್ತು ಸಲ ಗೆಲುವು!

ಹೊಳೆನರಸೀಪುರ_ಡೆವ್
ಚಂದ್ರು, ಇಳಿಕೆಯ ಒತ್ತಡ ಬೇರೆ, ನಿನ್ನ ಶಾರ್ಟ್‌ನಲ್ಲಿ ಲಾಭ ಬರುವುದು ಬೇರೆ. 2% ಇಳಿದರೂ ಆ 90% ಒಳಗೇ ಬರುತ್ತದೆ. ಮಧ್ಯದಲ್ಲಿ 15% ಮೇಲೆ ಹಾರಿ, ಎಕ್ಸ್‌ಚೇಂಜ್ ಬಲವಂತವಾಗಿ ಮುಚ್ಚಿ ನಿನ್ನ ಪೊಸಿಷನ್ ಲಿಕ್ವಿಡೇಟ್ ಆದರೆ ಆ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಅವರು 30 ದಿನ ಮುಂಚೆ ಶುರು ಅಂತಾರೆ. ಇಲ್ಲಿ ಕೇಳಿದವರ ಟೋಕನ್ ಆಗಲೇ ಕಾಲು ಭಾಗ ಇಳಿದಿದೆ.

ಚಾರ್ಟ್_ಚಂದ್ರು
ಸರಿ, ಲಿವರೇಜ್, ಅಂದರೆ ಸಾಲದ ದುಡ್ಡು, ಇಲ್ಲದೆ ಅಂತ ಸೇರಿಸಿಕೊಳ್ಳಿ.

ಸಹನಾ_ಆನ್‌ಚೈನ್
ಆ 30 ದಿನ ಮುಂಚೆ ಇಳಿಯುವುದು ಯಾಕೆ ಅನ್ನುವುದೇ ಇಲ್ಲಿ ಮುಖ್ಯ. ಬರೀ ಭಯ ಅಲ್ಲ, ನಿಜವಾಗಲೂ ಮಾರಾಟ ನಡೆಯುತ್ತಿರುತ್ತದೆ. ಸೆಲೆಸ್ಟಿಯಾ ಅನ್ನುವ ಪ್ರಾಜೆಕ್ಟ್ ಇದಕ್ಕೆ ಒಳ್ಳೆಯ ಉದಾಹರಣೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟೋಕನ್ ಬಂದಿದ್ದು 2023ರ ಅಕ್ಟೋಬರ್ 31. ಅದರ ಹೆಸರು TIA, ಒಟ್ಟು 100 ಕೋಟಿ. ಫಂಡ್‌ಗಳಿಗೆ ಎರಡು ಕಂತಿನಲ್ಲಿ 35.6 ಕೋಟಿ, ಕಟ್ಟಿದ ಟೀಮ್‌ಗೆ 17.6 ಕೋಟಿ, ಸೇರಿ 53.2 ಕೋಟಿ. ಇದರ 33% ಒಂದು ವರ್ಷ ತುಂಬಿದ ದಿನ ಬಿಡುಗಡೆ. ಗುಣಿಸಿದರೆ 17.56 ಕೋಟಿ. ಆಗ ಹೊರಗೆ ಓಡಾಡುತ್ತಿದ್ದುದು ಸುಮಾರು 22 ಕೋಟಿ, ಅಂದರೆ 80%. ತುಂಗಾತೀರ ಅವರ ಟೋಕನ್‌ನಲ್ಲಿ ಇದು 45%.

ಲಾಕ್ ಆಗಿರುವ ಟೋಕನ್ ಅನ್ನು ಎಕ್ಸ್‌ಚೇಂಜ್‌ನಲ್ಲಿ ಮಾರಲು ಬರುವುದಿಲ್ಲ. ಆದರೆ ಕೈಯಿಂದ ಕೈಗೆ, ಒಟಿಸಿಯಲ್ಲಿ, ಕಡಿಮೆ ಬೆಲೆಗೆ ಕೊಡಬಹುದು. ಇದು ಗುಟ್ಟೇನಲ್ಲ. 2024ರಲ್ಲಿ ದಿವಾಳಿಯಾದ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್‌ನ ಆಸ್ತಿಯಲ್ಲಿದ್ದ ಲಾಕ್ ಆದ ಸೊಲಾನಾವನ್ನು 64 ಡಾಲರ್‌ಗೆ ಮಾರಿದ್ದರು. ಆಗ ಹೊರಗೆ ಬೆಲೆ 170 ಮೇಲೆ ಇತ್ತು.

ಹೀಗೆ ಅಗ್ಗಕ್ಕೆ ಕೊಂಡವನು ಏನು ಮಾಡುತ್ತಾನೆ? ಹೊರಗೆ 5 ಡಾಲರ್ ಇರುವಾಗ 3 ಡಾಲರ್‌ಗೆ ಒಂದು ಲಕ್ಷ ಟೋಕನ್ ಕೊಂಡ ಅಂತ ಇಟ್ಟುಕೊಳ್ಳಿ. ಅದೇ ದಿನ ಮುಗಿಯುವ ದಿನಾಂಕ ಇಲ್ಲದ ಪರ್ಪೆಚುವಲ್ ಫ್ಯೂಚರ್ಸ್‌ನಲ್ಲಿ ಒಂದು ಲಕ್ಷ ಟೋಕನ್ ಶಾರ್ಟ್ ಮಾಡುತ್ತಾನೆ. ಅವನ 2 ಡಾಲರ್ ಲಾಭ ಅಲ್ಲಿಗೆ ಕಟ್ಟಿಟ್ಟಂತೆ. ಮುಂದೆ ಬೆಲೆ ಎಲ್ಲಿಗೆ ಹೋದರೂ ಹೆಚ್ಚು ತಲೆಬಿಸಿ ಇಲ್ಲ. ಅಂದರೆ ಅವನು ಬೆಲೆ ಮೇಲೆ ಒತ್ತಡ ಹಾಕಿದ್ದು ಕ್ಲಿಫ್‌ಗೆ ತಿಂಗಳುಗಳ ಮುಂಚೆ. ಸೆಲೆಸ್ಟಿಯಾದಲ್ಲಿ ಕ್ಲಿಫ್‌ಗೆ ಮುಂಚೆ ಇಂಥ ಶಾರ್ಟ್ ತುಂಬ ಇತ್ತು, ಶಾರ್ಟ್ ಹಿಡಿದವರಿಗೂ ಎದುರಿನವರಿಗೂ ನಡುವೆ ಕೈಬದಲಾಗುವ ಫಂಡಿಂಗ್ ರೇಟ್ ಮೈನಸ್‌ಗೆ ಇಳಿದಿತ್ತು. ಶಾರ್ಟ್ ಹಿಡಿದವರೇ ಎದುರಿನವರಿಗೆ ದುಡ್ಡು ಕೊಟ್ಟು ಕಾಯುತ್ತಿದ್ದರು.

ಬಸವ_ಬುಲ್
ಹಾಗಾದರೆ ನನ್ನ ಮಾತೇ ಸರಿ ಆಯಿತಲ್ಲ! ಕ್ಲಿಫ್ ದಿನ ಆ ಶಾರ್ಟ್ ಎಲ್ಲ ವಾಪಸ್ ಕೊಳ್ಳಬೇಕು. ಕೊಂಡರೆ ಬೆಲೆ ಏರಬೇಕು.

ಸಹನಾ_ಆನ್‌ಚೈನ್
ಅರ್ಧ ಸರಿ. ಅವನು ಶಾರ್ಟ್ ಮುಚ್ಚಲು ಒಂದು ಲಕ್ಷ ಕೊಳ್ಳುತ್ತಾನೆ ನಿಜ. ಆದರೆ ಅದೇ ಗಂಟೆಯಲ್ಲಿ ಕೈಗೆ ಬಂದ ಒಂದು ಲಕ್ಷ ಟೋಕನ್ ಸ್ಪಾಟ್‌ನಲ್ಲಿ, ಅಂದರೆ ನೇರ ಮಾರುಕಟ್ಟೆಯಲ್ಲಿ, ಮಾರುತ್ತಾನೆ. ಒಂದು ಕಡೆ ಕೊಳ್ಳುವುದು, ಇನ್ನೊಂದು ಕಡೆ ಮಾರುವುದು, ಒಟ್ಟಿಗೆ ಸೊನ್ನೆ. ಅದಕ್ಕೇ ಹೀಗೆ ಮುಂಚೆಯೇ ಶಾರ್ಟ್ ಹಾಕಿ ಬೆಲೆ ಕಾಪಾಡಿಕೊಳ್ಳುವ ಹೆಡ್ಜ್ ಜಾಸ್ತಿ ಆಗಿರುವ ಕ್ಲಿಫ್ ದಿನ ಬಹಳ ಸಲ ಸಪ್ಪೆಯಾಗಿರುತ್ತದೆ. ದೊಡ್ಡ ಬೀಳೂ ಇಲ್ಲ, ದೊಡ್ಡ ಏರೂ ಇಲ್ಲ. ಏರುವುದು ಏನಿದ್ದರೂ ಕ್ಲಿಫ್ ಹೆದರಿಕೆಯಿಂದ ಸುಮ್ನೆ ಶಾರ್ಟ್ ಮಾಡಿದ್ದ, ಕೈಯಲ್ಲಿ ಟೋಕನ್ ಇಲ್ಲದ ಜನರಿಂದ.

ಮೈಸೂರು_ಮಲ್ಲಿಗೆ
ಸೆಲೆಸ್ಟಿಯಾ ನಾನು ಕೊಂಡಿದ್ದೆ, 2024ರ ಅಕ್ಟೋಬರ್ 31ರ ಸಂಜೆ, 5 ಡಾಲರ್ ಹತ್ತಿರ. ಇಂಥದ್ದೇ ಒಂದು ಚರ್ಚೆ ಓದಿ. ನಾಲ್ಕೈದು ದಿನದಲ್ಲಿ ಇನ್ನೂ ಕೆಳಗೆ ಹೋಯಿತು. ನಿದ್ದೆ ಬರುತ್ತಿರಲಿಲ್ಲ, ರಾತ್ರಿ ಎದ್ದು ಫೋನ್ ನೋಡುತ್ತಿದ್ದೆ. ಆಮೇಲೆ ಅಮೆರಿಕದ ಚುನಾವಣೆ ಬಂತು, ಎಲ್ಲವೂ ಎದ್ದಿತು. ಡಿಸೆಂಬರ್ ಮೊದಲ ವಾರ ನನ್ನ TIA 8 ಡಾಲರ್ ಮೇಲೆ ಇತ್ತು. ನಾನು ಮಾರಲಿಲ್ಲ. ಕ್ಲಿಫ್ ಮುಗಿದಿದೆ, ಇನ್ನೇನು ಭಯ ಅಂದುಕೊಂಡೆ. 2025ರ ಮಧ್ಯದಲ್ಲಿ 2 ಡಾಲರ್‌ಗಿಂತ ಕೆಳಗೆ ಬಂದಾಗ ಮಾರಿದೆ. ಕ್ಲಿಫ್ ಆದ ಮೇಲೆ ಕೊಂಡೂ ನನಗೆ ಅಷ್ಟು ನಷ್ಟ ಯಾಕಾಯಿತು ಅಂತ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ.

ಸಹನಾ_ಆನ್‌ಚೈನ್
ಮಲ್ಲಿಗೆ ಅಕ್ಕ, ಕ್ಲಿಫ್ ನಂತರದ ಲೆಕ್ಕ ಇಲ್ಲಿದೆ. ಫಂಡ್‌ಗಳ ಉಳಿದ 67% ಮುಂದಿನ ಒಂದೇ ವರ್ಷದಲ್ಲಿ ದಿನಾ ಸ್ವಲ್ಪ ಸ್ವಲ್ಪ ಬರುವುದಿತ್ತು. 35.6 ಕೋಟಿಯ 67% ಅಂದರೆ ಸುಮಾರು 23.8 ಕೋಟಿ, 365ರಿಂದ ಭಾಗಿಸಿದರೆ ದಿನಕ್ಕೆ ಆರೂವರೆ ಲಕ್ಷ. ಟೀಮ್‌ದು ಎರಡು ವರ್ಷದಲ್ಲಿ, ದಿನಕ್ಕೆ ಒಂದೂ ಮುಕ್ಕಾಲು ಲಕ್ಷದೊಳಗೆ. ಸಂಶೋಧನೆ ಮತ್ತು ಇಕೋಸಿಸ್ಟಮ್ ಪಾಲು ಸೇರಿಸಿದರೆ ದಿನಕ್ಕೆ ಹತ್ತಿರ ಹತ್ತಿರ 10 ಲಕ್ಷ TIA. 5 ಡಾಲರ್ ಲೆಕ್ಕದಲ್ಲಿ ದಿನಾ 50 ಲಕ್ಷ ಡಾಲರ್ ಬೆಲೆಯ ಹೊಸ ಟೋಕನ್. ಭಾನುವಾರ, ಹಬ್ಬ, ಯಾವ ರಜೆಯೂ ಇಲ್ಲ. ಬೆಲೆ ನಿಲ್ಲಬೇಕಾದರೆ ಮಾರಿದಷ್ಟನ್ನೂ ಕೊಳ್ಳಲು ದಿನಾ ಹೊಸಬರು ಬೇಕು.

ನಿಮ್ಮ 8 ಡಾಲರ್ ಮಾರುಕಟ್ಟೆ ಎದ್ದಾಗ ಬಂದದ್ದು. ಮಾರುಕಟ್ಟೆ ತಣ್ಣಗಾದ ಮೇಲೆ ನಲ್ಲಿ ಮಾತ್ರ ಉಳಿಯಿತು. ಇನ್ನೊಂದು ವಿಷಯ ಇದೆ. ಲಾಕ್ ಆದ TIAಯನ್ನೂ ಸ್ಟೇಕ್ ಮಾಡಬಹುದಿತ್ತು, ಅದರಿಂದ ಬಂದ ರಿವಾರ್ಡ್‌ಗೆ ಲಾಕ್ ಇರಲಿಲ್ಲ. ಕ್ಲಿಫ್‌ಗೆ ಮುಂಚೆಯೂ ಅವರಿಗೆ ಮಾರಲು ಏನೋ ಸಿಗುತ್ತಲೇ ಇತ್ತು. ಬರೀ ಕ್ಲಿಫ್ ದಿನಾಂಕ ನೋಡುವವರಿಗೆ ಇದು ಕಾಣುವುದಿಲ್ಲ.

ಮೈಸೂರು_ಮಲ್ಲಿಗೆ
ದಿನಕ್ಕೆ 10 ಲಕ್ಷ! ಇದನ್ನು ಕೊಳ್ಳುವ ಮುಂಚೆ ಯಾರಾದರೂ ಹೇಳಬೇಕಿತ್ತು.

ವೇಳಾಪಟ್ಟಿ_ವೆಂಕಿ
ವೇಳಾಪಟ್ಟಿಯೇ ಬದಲಾಗಬಹುದು ಅನ್ನುವುದನ್ನೂ ನೆನಪಿಡಿ. ಡಿವೈಡಿಎಕ್ಸ್ ಟೋಕನ್‌ನ ದೊಡ್ಡ ಅನ್‌ಲಾಕ್ 2023ರ ಫೆಬ್ರುವರಿಯಲ್ಲಿ ಇತ್ತು. ಜನವರಿ ಕೊನೆಯಲ್ಲಿ ಡಿಸೆಂಬರ್ 1ಕ್ಕೆ ಮುಂದೂಡಿದರು, ಬೆಲೆ ಹಾರಿತು. ವರ್ಲ್ಡ್‌ಕಾಯಿನ್ 2024ರ ಜುಲೈನಲ್ಲಿ ಟೀಮ್ ಮತ್ತು ಫಂಡ್‌ಗಳ ಹೆಚ್ಚಿನ ಪಾಲನ್ನು ಮೂರು ವರ್ಷದ ಬದಲು ಐದು ವರ್ಷಕ್ಕೆ ಹಂಚಿದರು, ಆಗಲೂ ಹಾರಿತು. ಚಂದ್ರು ಹೇಳಿದ ಶಾರ್ಟ್ ಹಾಕಿಕೊಂಡು ಕೂತವರ ಕಥೆ ಅವತ್ತು ಏನಾಗಿರಬಹುದು ನೋಡಿ.

ಹೊಳೆನರಸೀಪುರ_ಡೆವ್
ಟೀಮ್ ಕಡೆಯ ಮಾತು ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೂತು ಒಂದು ವಿದೇಶಿ ಪ್ರಾಜೆಕ್ಟ್‌ಗೆ ಕೆಲಸ ಮಾಡುತ್ತಿದ್ದೆ. ಸಂಬಳದ ಒಂದು ಭಾಗ ಟೋಕನ್. ಮೊದಲ ಕ್ಲಿಫ್ ದಿನ ಮಧ್ಯಾಹ್ನ ಮೂರು ಗಂಟೆಗೆ ಕ್ಲೇಮ್ ಬಟನ್ ಬಂತು. ಟೀಮ್ ಗ್ರೂಪ್‌ನಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲರೂ ಒತ್ತುತ್ತಿದ್ದರು ಅನಿಸುತ್ತದೆ. ನಾನು ಮೂರನೇ ಒಂದು ಭಾಗ ಅವತ್ತೇ ಮಾರಿದೆ. ಪ್ರಾಜೆಕ್ಟ್ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ನಮ್ಮ ಆಡಿಟರ್ ಆ ದಿನದ ಬೆಲೆಯನ್ನೇ ನನ್ನ ಆದಾಯ ಅಂತ ಹಿಡಿದರು. ತೆರಿಗೆ ರೂಪಾಯಿಯಲ್ಲಿ ಕಟ್ಟಬೇಕು. ಬೆಲೆ ಆಮೇಲೆ ಬಿದ್ದರೂ ತೆರಿಗೆ ಇಳಿಯುವುದಿಲ್ಲ. ಮಾರದೆ ಬೇರೆ ದಾರಿ ಇರಲಿಲ್ಲ. ಮನೆ ಸಾಲ ಇದ್ದ ಒಬ್ಬರು ಪೂರ್ತಿ ಮಾರಿದರು.

ಫಂಡ್‌ಗಳು ಹೆಡ್ಜ್ ಮಾಡಿರುತ್ತವೆ. ನಮ್ಮಂಥ ಕೆಲಸಗಾರರಿಗೆ ಅದು ಗೊತ್ತೂ ಇರುವುದಿಲ್ಲ, ಎಷ್ಟೋ ಕರಾರುಗಳಲ್ಲಿ ಬಿಡುವುದೂ ಇಲ್ಲ. ಟೀಮ್ ಪಾಲು ಬಂದಾಗ ಹೊಡೆತ ಜಾಸ್ತಿ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಭವ ಹೇಳುತ್ತದೆ.

ಕೆರೆಕೋಡಿ
ತೆರಿಗೆ ಅಂದಿರಿ, ಕೇಳುತ್ತೇನೆ. ಕ್ಲಿಫ್‌ಗೆ ಮುಂಚೆ ಮಾರಿ ಆಮೇಲೆ ಅಗ್ಗಕ್ಕೆ ಕೊಂಡರೆ ಲಾಭ ತಾನೇ?

ಹೊಳೆನರಸೀಪುರ_ಡೆವ್
ನಮ್ಮ ದೇಶದ ನಿಯಮದಲ್ಲಿ ಅದು ದುಬಾರಿ ಆಟ. ಒಂದು ವ್ಯವಹಾರದಲ್ಲಿ 8,000 ಲಾಭ, ಇನ್ನೊಂದರಲ್ಲಿ 8,000 ನಷ್ಟ ಅಂದುಕೊಳ್ಳಿ. ಕೈಗೆ ಬಂದದ್ದು ಏನೂ ಇಲ್ಲ. ಆದರೆ ಕ್ರಿಪ್ಟೊದಲ್ಲಿ ನಷ್ಟವನ್ನು ಲಾಭದಿಂದ ಕಳೆಯುವಂತಿಲ್ಲ. 8,000ಕ್ಕೆ 30% ಅಂದರೆ 2,400, ಮೇಲೆ 4% ಸೆಸ್ 96, ಒಟ್ಟು 2,496 ಕಟ್ಟಬೇಕು. ಮಾರಿದಾಗಲೆಲ್ಲ 1% ಟಿಡಿಎಸ್ ಬೇರೆ ಹಿಡಿಯುತ್ತಾರೆ. ಅದು ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಕೈಯಲ್ಲಿ ಇರುವುದಿಲ್ಲ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಸಹನಾ ಮೇಡಂ ಮಾಡಿದ ಹಾಗೆ ನಾನೂ ನನ್ನ ಟೋಕನ್‌ನ ಡಾಕ್ಯುಮೆಂಟ್ ತೆಗೆದು ಕೂತು ಲೆಕ್ಕ ಹಾಕಿದೆ. ಟೀಮ್ ಮತ್ತು ಫಂಡ್ ಸೇರಿ ಒಟ್ಟು ಪಾಲು 36 ಕೋಟಿ. ಕ್ಲಿಫ್‌ನಲ್ಲಿ ಕಾಲು ಭಾಗ, ಅದೇ 9 ಕೋಟಿ. ಉಳಿದ 27 ಕೋಟಿ 36 ತಿಂಗಳಲ್ಲಿ, ತಿಂಗಳಿಗೆ 75 ಲಕ್ಷ. ಕ್ಲಿಫ್ ಆದ ಮೇಲೆ ಓಡಾಡುವುದು 29 ಕೋಟಿ. ಅಂದರೆ ಮೊದಮೊದಲು ತಿಂಗಳಿಗೆ 2.6% ಸೇರುತ್ತದೆ.

ಇನ್ನು ಕ್ಲಿಫ್. 9 ಕೋಟಿ ಅಂದರೆ ಈಗಿನ ಬೆಲೆಗೆ 7.2 ಕೋಟಿ ಡಾಲರ್. ದಿನದ ಸ್ಪಾಟ್ ವಹಿವಾಟು ಸರಾಸರಿ 60 ಲಕ್ಷ ಡಾಲರ್. ಹನ್ನೆರಡು ದಿನದ ಪೂರ್ತಿ ವಹಿವಾಟು ಒಂದೇ ದಿನ ಬರುತ್ತದೆ. ಫಂಡಿಂಗ್ ರೇಟ್ ಕಾಯಿನ್‌ಗ್ಲಾಸ್ ವೆಬ್‌ಸೈಟ್‌ನಲ್ಲಿ ನೋಡಿದೆ, ಮೂರು ವಾರದಿಂದ ಹೆಚ್ಚು ಕಡಿಮೆ ಸೊನ್ನೆ. ಮೈನಸ್ ಇಲ್ಲ. ಇದು ಒಳ್ಳೆಯದಾ?

ಸಹನಾ_ಆನ್‌ಚೈನ್
ನನಗೆ ಅದು ಒಳ್ಳೆಯ ಸುದ್ದಿ ಅನಿಸುವುದಿಲ್ಲ. ಫಂಡಿಂಗ್ ಮೈನಸ್ ಇಲ್ಲ ಅಂದರೆ ಹೆಡ್ಜ್ ಹೆಚ್ಚು ನಡೆದಿಲ್ಲ ಅನ್ನುವ ಸೂಚನೆ ಇರಬಹುದು. ಹೆಡ್ಜ್ ಆಗದೇ ಇರುವ ಟೋಕನ್ ಅವತ್ತು ಬಂದರೆ ಅದು ನೇರ ಮಾರಾಟ, ಎದುರಿಗೆ ಶಾರ್ಟ್ ಮುಚ್ಚುವವರು ಇರುವುದಿಲ್ಲ. ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದ ಫ್ಯೂಚರ್ಸ್ ಕರಾರುಗಳ ಮೊತ್ತ, ಎಷ್ಟಿದೆ? 7.2 ಕೋಟಿಯ ಮುಂದೆ ಅದು ಚಿಕ್ಕದಾಗಿದ್ದರೆ ಹೆಡ್ಜ್ ಮಾಡಲು ಜಾಗವೇ ಇರಲಿಲ್ಲ ಅಂತ ಅರ್ಥ.

ತುಂಗಾತೀರ
90 ಲಕ್ಷ ಡಾಲರ್.

ಸಹನಾ_ಆನ್‌ಚೈನ್
ಹಾಗಾದರೆ ಎಲ್ಲವೂ ಶಾರ್ಟ್ ಹೆಡ್ಜೇ ಅಂದುಕೊಂಡರೂ ಎಂಟನೇ ಒಂದು ಭಾಗ ಮಾತ್ರ. ಇದು ಸೆಲೆಸ್ಟಿಯಾ ಥರದ ಕ್ಲಿಫ್ ಅಲ್ಲ. ಬೆಲೆಯಲ್ಲಿ ಎಲ್ಲ ಸೇರಿಹೋಗಿದೆ ಅಂತ ನಾನಾದರೆ ನಂಬುವುದಿಲ್ಲ.

ಚಾರ್ಟ್_ಚಂದ್ರು
ಒಪ್ಪುವುದಿಲ್ಲ. ಫಂಡ್‌ಗಳು ಇದೇ ಟೋಕನ್‌ನಲ್ಲಿ ಹೆಡ್ಜ್ ಮಾಡಬೇಕು ಅಂತೇನಿಲ್ಲ. ಈಥರ್ ಶಾರ್ಟ್ ಮಾಡಿರಬಹುದು, ಮಾರ್ಕೆಟ್ ಮೇಕರ್ ಜೊತೆ ಖಾಸಗಿ ಒಪ್ಪಂದ ಇರಬಹುದು. ಅದು ಕಾಯಿನ್‌ಗ್ಲಾಸ್‌ನಲ್ಲಿ ಕಾಣುವುದೇ ಇಲ್ಲ. ಕಾಲು ಭಾಗ ಇಳಿದದ್ದು ಮತ್ತೆ ಯಾಕೆ?

ಸಹನಾ_ಆನ್‌ಚೈನ್
ಇರಬಹುದು ಚಂದ್ರು. ಹೊರಗಿನಿಂದ ನೋಡಿ ಅದನ್ನು ತಿಳಿಯಲು ಸಾಧ್ಯವಿಲ್ಲ. ಹಾಗಾಗಿ ಕಾಣುವುದರ ಮೇಲೆ ನಿರ್ಧಾರ ಮಾಡುತ್ತೇನೆ. ಈಥರ್ ಜೊತೆಗಿನ ಚಾರ್ಟ್‌ನಲ್ಲೂ ಕಾಲು ಭಾಗ ಇಳಿದಿದೆಯಾ ಅಂತ ಮೊದಲು ನೋಡಿ.

ತುಂಗಾತೀರ
ನೋಡಿದೆ. ಈಥರ್ ಸಹ ಇದೇ ತಿಂಗಳು 17% ಇಳಿದಿದೆ. ಅಂದರೆ ಈಥರ್ ಲೆಕ್ಕದಲ್ಲಿ ಇದು 10% ಅಷ್ಟೇ. ನಾನು ಕಾಲು ಭಾಗ ಭಯದಿಂದಲೇ ಇಳಿದಿದೆ ಅಂತ ತಿಳಿದಿದ್ದೆ.

ಈಗ ಹೀಗೆ ಅಂದುಕೊಂಡಿದ್ದೇನೆ. ಕ್ಲಿಫ್‌ಗೆ ಮುಂಚೆ ಏನೂ ಕೊಳ್ಳುವುದಿಲ್ಲ. ಕ್ಲಿಫ್ ಆಗಿ ಎರಡು ವಾರ ಕಳೆದ ಮೇಲೆ 40,000. ಉಳಿದದ್ದು ತಿಂಗಳಿಗೆ 20,000ದಂತೆ ಎಂಟು ತಿಂಗಳು, ಪ್ರತಿ ತಿಂಗಳ ಬಿಡುಗಡೆ ಆದ ಮೇಲೆ.

ಬಸವ_ಬುಲ್
ಎರಡು ವಾರ ಕಾದರೆ ಗಾಡಿ ಹೋಗಿರುತ್ತದೆ ಸ್ವಾಮಿ. ಮಲ್ಲಿಗೆ ಅಕ್ಕನ TIA ಒಂದು ತಿಂಗಳಲ್ಲಿ 8 ಮುಟ್ಟಲಿಲ್ವಾ?

ಮೈಸೂರು_ಮಲ್ಲಿಗೆ
ಮುಟ್ಟಿತು. ಇಳಿಯಿತು ಕೂಡ.

ವೇಳಾಪಟ್ಟಿ_ವೆಂಕಿ
ತುಂಗಾತೀರ, ಆ 75 ಲಕ್ಷ ತಿಂಗಳಿಗೊಮ್ಮೆ ಬರುತ್ತದಾ, ದಿನಾ ಬರುತ್ತದಾ? ಡಾಕ್ಯುಮೆಂಟ್‌ನಲ್ಲಿ "ಲೀನಿಯರ್" ಅಂತ ಬರೆದು ಕಾಂಟ್ರಾಕ್ಟ್‌ನಲ್ಲಿ ತಿಂಗಳಿಗೊಮ್ಮೆ ಇಡುವವರೂ ಇದ್ದಾರೆ. ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಟೋಕನ್ ಬಿಡುಗಡೆ ಮಾಡುವ ವೆಸ್ಟಿಂಗ್ ಕಾಂಟ್ರಾಕ್ಟ್ ತೆಗೆದು ನೋಡಿ. ದಿನಾ ಬರುವುದಾದರೆ "ಬಿಡುಗಡೆ ಆದ ಮೇಲೆ" ಅನ್ನುವ ನಿಮ್ಮ ಲೆಕ್ಕಕ್ಕೆ ಅರ್ಥ ಇಲ್ಲ.

ತುಂಗಾತೀರ
ಅದನ್ನು ನೋಡಿಲ್ಲ. ಇವತ್ತು ರಾತ್ರಿ ತೆಗೆದು ನೋಡಿ ಇಲ್ಲೇ ಬರೆಯುತ್ತೇನೆ.